ಅಜ್ಜಯ್ಯನ ಫೋನ್ ಕನ್ನಡ ಮಾತಾಡಿದ್ದು

ಬಾಳಗಡಿಯ ಅಜ್ಜಯ್ಯಂದಿರಿಗೆ ವಾಟ್ಸ್‌ಆ್ಯಪ್ ಅಂದರೆ ಮುಖ್ಯವಾಗಿ ಅಡಿಕೆ ಧಾರಣೆ, ಮಳೆಯ ಸುದ್ದಿ, ಬೆಂಗಳೂರಲ್ಲಿರುವ ಮಕ್ಕಳ ಮೆಸೇಜು. ಕಣ್ಣು ಮಂಜಾದ ಮೇಲೆ ಇವೆಲ್ಲ ಮೊಮ್ಮಕ್ಕಳ ಬಿಡುವಿಗೆ ಕಾಯುತ್ತವೆ. ಪರದೆಯ ಮೇಲಿರುವುದನ್ನು ಓದಿ ಹೇಳಿ ಆ ಕಾಯುವಿಕೆಯನ್ನು ಕಡಿಮೆ ಮಾಡುವ ಸೌಲಭ್ಯ ಎಷ್ಟೋ ಫೋನುಗಳ ಒಳಗೇ ಮುಚ್ಚಿಕೊಂಡು ಕೂತಿದೆ.

ನುಣುಪು ಗಾಜಿನ ಮೇಲೆ ಕಣ್ಣಿಲ್ಲದೆ ಬಟನ್ ಹುಡುಕುವುದು ಹೇಗೆ ಎಂಬುದೇ ಮೊದಲ ತೊಡಕಾಗಿತ್ತು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 'ಸ್ಲೈಡ್ ರೂಲ್' ಎಂಬ ಪ್ರಯೋಗದಲ್ಲಿ ಒಂದು ದಾರಿ ತೋರಿಸಿದರು: ಬೆರಳು ಸರಿದಂತೆ ಅಡಿಯಲ್ಲಿರುವುದನ್ನು ಫೋನ್ ಹೇಳಬೇಕು, ತೆರೆಯಲು ಬೇರೆ ಸನ್ನೆ ಇರಬೇಕು. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಬಂತು, ಆಂಡ್ರಾಯ್ಡಿಗೆ ಟಾಕ್‌ಬ್ಯಾಕ್. ಟಾಕ್‌ಬ್ಯಾಕ್ ಹಿಂದೆ ಟಿ.ವಿ. ರಾಮನ್ ಇದ್ದರು, ಪುಣೆಯಲ್ಲಿ ಬೆಳೆದು ಹದಿಹರೆಯದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರು. ಆದರೂ ಆಂಡ್ರಾಯ್ಡಿನಲ್ಲಿ ಬೆರಳಾಡಿಸಿ ಕೇಳುವ ಸೌಲಭ್ಯ ಸಿಕ್ಕಿದ್ದು 2011ರಲ್ಲಿ, 4.0 ಆವೃತ್ತಿಯೊಂದಿಗೆ.

ಹಾಗಂತ ಟಾಕ್‌ಬ್ಯಾಕನ್ನೇ ಮೊದಲು ಹಾಕಿಕೊಟ್ಟರೆ ಅಜ್ಜಯ್ಯ ಕಂಗಾಲಾಗುತ್ತಾರೆ. ಅದು ಚಾಲೂ ಆದೊಡನೆ ಒಂದು ಸಲ ಮುಟ್ಟಿದರೆ ಹೆಸರಷ್ಟೇ ಕೇಳುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು, ಸರಿಸಲು ಎರಡು ಬೆರಳು ಬೇಕು. ಮುಟ್ಟಿದ್ದರ ಸುತ್ತ ಬಣ್ಣದ ಚೌಕ ಕಂಡು, 'ಫೋನ್ ಹಾಳಾಯ್ತು' ಅಂದರೆ ಇದೇ ಕಾರಣ. ಶಾರ್ಟ್‌ಕಟ್ ಇಟ್ಟಿದ್ದರೆ ಎರಡೂ ವಾಲ್ಯೂಮ್ ಬಟನ್ನುಗಳನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ನಿಲ್ಲುತ್ತದೆ. ಟಾಕ್‌ಬ್ಯಾಕ್ ಏನೂ ಕಾಣದವರ ಸಾಧನ. ಸ್ವಲ್ಪ ಕಾಣುವವರಿಗೆ ಹೆಚ್ಚಿನ ಭಾರ.

ಸ್ವಲ್ಪ ಕಾಣುವವರಿಗೆ ಮೊದಲು ಅಕ್ಷರದ ಗಾತ್ರ ಹೆಚ್ಚಿಸಿ. ಸಾಲದಿದ್ದರೆ ಮ್ಯಾಗ್ನಿಫಿಕೇಶನ್ ಇದೆ. ಮೂರು ಸಲ ತಟ್ಟುವ ಶಾರ್ಟ್‌ಕಟ್ ಬೇಡ ಅನ್ನುತ್ತೇನೆ, ಮೂರನೆಯ ತಟ್ಟಿಗಾಗಿ ಕಾಯುವುದರಿಂದ ಫೋನ್ ನಿಧಾನವೆನಿಸುತ್ತದೆ. ಬದಲಿಗೆ ಪರದೆಯ ಮೇಲಿನ ಆಕ್ಸೆಸಿಬಿಲಿಟಿ ಗುಂಡಿಯನ್ನು ಇಟ್ಟುಕೊಡಿ. ಇದಕ್ಕೂ ಮಿತಿ ಇದೆ: ತುಂಬಾ ಹಿಗ್ಗಿಸಿದರೆ ಸಾಲಿನ ಅರ್ಧ ಆಚೆ ಹೋಗುತ್ತದೆ, ಎಳೆಯುತ್ತ ಓದುವಷ್ಟರಲ್ಲಿ ಮೊದಲರ್ಧ ಮರೆತಿರುತ್ತದೆ.

ಅಲ್ಲಿಗೆ ಬೇಕಾದದ್ದು 'ಸೆಲೆಕ್ಟ್ ಟು ಸ್ಪೀಕ್'. ಫೋನ್ ಎಂದಿನಂತೆಯೇ ಇರುತ್ತದೆ. ಗುಂಡಿ ಒತ್ತಿ, ಬೇಕಾದ ಮೆಸೇಜನ್ನು ಮುಟ್ಟಿದರೆ ಅದನ್ನು ಮಾತ್ರ ಓದುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಸಿಗುತ್ತದೆ. ಇಲ್ಲಿಯೇ ಒಂದು ಮುಖ್ಯ ಕೆಲಸ ಬಾಕಿ ಉಳಿಯುವುದು: ಕನ್ನಡದ ದನಿ. ಅದಿಲ್ಲದಿದ್ದರೆ ಇಂಗ್ಲಿಷ್ ಪದ ಕೇಳಿಸಿ ಕನ್ನಡದ ಕಡೆ ಮೌನ. ಹಾಗಾದರೆ ಟೆಕ್ಸ್ಟ್-ಟು-ಸ್ಪೀಚ್ ಸೆಟ್ಟಿಂಗಿಗೆ ಹೋಗಿ ಕನ್ನಡದ ವಾಯ್ಸ್ ಡೇಟಾ ಇಳಿಸಿಕೊಳ್ಳಿ, ಮಾತಿನ ವೇಗವನ್ನೂ ತಗ್ಗಿಸಿ. ಸಿಗ್ನಲ್ ಚೆನ್ನಾಗಿರುವ ಕೊಪ್ಪ ಪೇಟೆಯಲ್ಲೇ ಇಳಿಸಿಕೊಂಡರೆ, ತೋಟದ ಮನೆಯಲ್ಲಿ ನೆಟ್ ಇಲ್ಲದಾಗಲೂ ಓದುತ್ತದೆ.

ಒಂದು ಮಾತು ಧಾರಣೆ ಕಳಿಸುವವರಿಗೆ. ಹಾಳೆಯ ಫೋಟೋ ತೆಗೆದು ಹಾಕಿದರೆ ಫೋನಿಗೆ ಅದು ಬರೀ ಚಿತ್ರ. ಹಳೆಯ ನುಡಿ ಫಾಂಟಿನ ಕಡತವಾದರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಇಲ್ಲವೇ ವಾಯ್ಸ್ ಮೆಸೇಜ್ ಕಳಿಸಿ.