ಎಲ್ಲಾ ಸೇರಿ ಇಪ್ಪತ್ತು ಸಾವಿರ

ದಾವಣಗೆರೆಯ ಪೀಠೋಪಕರಣದ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಮನೆಗೊಂದು ಕಬ್ಬಿಣದ ಬೀರು ಬೇಕೆಂದು ಬಂದ ಗಿರಾಕಿಗೆ ಅಂಗಡಿಯವರು ಬೆಲೆ ಹೇಳುತ್ತಾರೆ: 18,500 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 3,330, ಒಟ್ಟು 21,830. ಗಿರಾಕಿಗೆ ಈ ವಿವರ ಯಾವುದೂ ಬೇಡ. “ಅದೆಲ್ಲ ನಂಗೊತ್ತಿಲ್ಲ ಸಾಹುಕಾರ್ರೆ, ಎಲ್ಲಾ ಸೇರಿ ಇಪ್ಪತ್ತು ಸಾವಿರ. ಬಿಲ್ ಹಾಕಿ ಕೊಡಿ” ಎಂದು ನೋಟು ಎಣಿಸಲು ಶುರು ಮಾಡುತ್ತಾರೆ. ಸಾಹುಕಾರರೂ ಒಪ್ಪುತ್ತಾರೆ. ವ್ಯಾಪಾರ ಕುದುರಿತು. ಆದರೆ ಬಿಲ್ಲಿನಲ್ಲಿ ಬೀರುವಿನ ಬೆಲೆ ಎಷ್ಟು, ತೆರಿಗೆ ಎಷ್ಟು ಎಂದು ಬರೆಯಬೇಕಲ್ಲ? ಲೆಕ್ಕ ತಪ್ಪುವುದು ಇಲ್ಲೇ.

ಕ್ಯಾಲ್ಕುಲೇಟರ್ ಹಿಡಿದ ಕೈ ಮೊದಲು ಮಾಡುವ ಕೆಲಸವೆಂದರೆ 20,000ಕ್ಕೆ ಶೇ 18 ಹಾಕುವುದು. 3,600 ಬರುತ್ತದೆ. ಅದನ್ನು ಕಳೆದರೆ ಉಳಿಯುವುದು 16,400. ಬೆಲೆ 16,400, ತೆರಿಗೆ 3,600, ಕೂಡಿದರೆ ಸರಿಯಾಗಿ ಇಪ್ಪತ್ತು ಸಾವಿರ, ತಪ್ಪೇನೂ ಕಾಣುವುದಿಲ್ಲ. ಈಗ ಅದೇ 16,400ಕ್ಕೆ ಶೇ 18 ಹಾಕಿ ನೋಡಿ: 2,952. ಬಿಲ್ಲಿನಲ್ಲಿ ಬರೆದದ್ದು 3,600. ಅಂದರೆ ಗಿರಾಕಿಯಿಂದ ಶೇ 18 ಅಲ್ಲ, ಸುಮಾರು ಶೇ 22ರ ತೆರಿಗೆ ವಸೂಲಾದಂತಾಯಿತು. ಶೇ 18 ಎಂಬುದು ಸರಕಿನ ಬೆಲೆಯ ಮೇಲಿನ ತೆರಿಗೆ. ಇಪ್ಪತ್ತು ಸಾವಿರದೊಳಗೆ ತೆರಿಗೆಯೂ ಸೇರಿರುವುದರಿಂದ, ಅದಕ್ಕೆ ಶೇ 18 ಹಾಕಿದರೆ ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ.

ಸರಿಯಾದ ದಾರಿ ಹಿಂದಿನಿಂದ ಬರುವುದು. ನೂರು ರೂಪಾಯಿಯ ಸರಕಿಗೆ 18 ರೂಪಾಯಿ ತೆರಿಗೆ ಸೇರಿ ಗಿರಾಕಿ ಕೊಡುವುದು 118. ಹಾಗಾಗಿ ಕೈಗೆ ಬಂದ ಹಣವನ್ನು 118 ಪಾಲು ಮಾಡಿದರೆ, 100 ಪಾಲು ಸರಕಿನದು, 18 ಪಾಲು ಸರ್ಕಾರದ್ದು. ಕೇಂದ್ರ ಜಿಎಸ್‌ಟಿ ನಿಯಮಗಳ 35ನೇ ನಿಯಮ ಹೇಳುವುದೂ ಇದನ್ನೇ: ತೆರಿಗೆ ಸೇರಿದ ಮೊತ್ತವನ್ನು ದರದಿಂದ ಗುಣಿಸಿ, ನೂರಕ್ಕೆ ದರ ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು.

```
20,000 × 18 ÷ 118 = 3,050.85
20,000 − 3,050.85 = 16,949.15
```

ಬೀರುವಿನ ತೆರಿಗೆಪೂರ್ವ ಬೆಲೆ 16,949 ರೂಪಾಯಿ 15 ಪೈಸೆ, ತೆರಿಗೆ 3,050 ರೂಪಾಯಿ 85 ಪೈಸೆ. ತಪ್ಪು ಲೆಕ್ಕಕ್ಕೂ ಸರಿ ಲೆಕ್ಕಕ್ಕೂ ಒಂದೇ ಬಿಲ್ಲಿನಲ್ಲಿ 549 ರೂಪಾಯಿಯ ಅಂತರ. ಹೆಚ್ಚು ಬರೆದರೂ ಕಟ್ಟುವಾಗ ಸರಿ ಮಾಡಿಕೊಂಡರಾಯಿತು ಎನ್ನುವಂತಿಲ್ಲ. ತೆರಿಗೆ ಎಂದು ಗಿರಾಕಿಯಿಂದ ವಸೂಲು ಮಾಡಿದ್ದನ್ನು ಸರ್ಕಾರಕ್ಕೆ ಕಟ್ಟಲೇಬೇಕೆಂದು ಜಿಎಸ್‌ಟಿ ಕಾಯ್ದೆಯ 76ನೇ ಸೆಕ್ಷನ್ ಹೇಳುತ್ತದೆ.

ಬಿಲ್ ಹಾಕುವಾಗ ಒಂದು ಸಣ್ಣ ಕಿರಿಕಿರಿ ಎದುರಾಗುತ್ತದೆ. ರಾಜ್ಯದೊಳಗಿನ ಮಾರಾಟವಾದ್ದರಿಂದ ತೆರಿಗೆಯನ್ನು ಕೇಂದ್ರಕ್ಕೆ ಶೇ 9, ರಾಜ್ಯಕ್ಕೆ ಶೇ 9 ಎಂದು ಎರಡು ಸಾಲಿನಲ್ಲಿ ತೋರಿಸಬೇಕು. 16,949.15ರ ಶೇ 9 ಎಂದರೆ 1,525.42. ಎರಡನ್ನೂ ಬೆಲೆಗೆ ಕೂಡಿದರೆ 19,999.99. ಒಂದು ಪೈಸೆ ಎಲ್ಲಿ ಹೋಯಿತೆಂದು ಹುಡುಕಬೇಕಿಲ್ಲ; 85 ಪೈಸೆಯನ್ನು ಸಮನಾಗಿ ಎರಡು ಮಾಡಲಾಗದು, ಅಷ್ಟೆ. ಬಿಲ್ಲಿನ ಕೊನೆಯಲ್ಲಿ ರೌಂಡ್ ಆಫ್ ಸಾಲು ಇರುವುದು ಇಂಥದ್ದಕ್ಕೇ. ಒಟ್ಟು ಮೊತ್ತ ಹೊಂದಲೆಂದು ಒಂದು ಸಾಲಿಗೆ 42, ಇನ್ನೊಂದಕ್ಕೆ 43 ಪೈಸೆ ಬರೆಯುವವರಿದ್ದಾರೆ. ಎರಡೂ ಒಂದೇ ಇರಬೇಕಾದ ಸಾಲುಗಳು, ಅವನ್ನು ಮುಟ್ಟದಿರುವುದೇ ಲೇಸು.

ಇನ್ನು ಸಾಹುಕಾರರ ಚಿಂತೆ: ಈ ಚೌಕಾಸಿಯಲ್ಲಿ ಕಳೆದುಕೊಂಡದ್ದೆಷ್ಟು? 21,830 ಹೇಳಿ 20,000ಕ್ಕೆ ಇಳಿದರಲ್ಲ, ಹೋದದ್ದು 1,830 ಎಂದು ಮನಸ್ಸು ಹೇಳುತ್ತದೆ. ಅಷ್ಟೂ ಅವರ ಜೇಬಿನಿಂದ ಹೋಗಿಲ್ಲ. ಬೀರುವಿನ ಬೆಲೆ 18,500ರಿಂದ 16,949.15ಕ್ಕೆ ಇಳಿದಾಗ ಅವರು ಬಿಟ್ಟದ್ದು 1,550.85. ಮಿಕ್ಕ 279.15 ಕಡಿಮೆಯಾದ ತೆರಿಗೆ. ಮಾರಾಟದ ಹೊತ್ತಿನಲ್ಲೇ ಕೊಟ್ಟ ರಿಯಾಯಿತಿಯನ್ನು ಬಿಲ್ಲಿನಲ್ಲಿ ಕಾಣಿಸಿದರೆ ಅದಕ್ಕೆ ತೆರಿಗೆಯಿಲ್ಲ. ಆದ್ದರಿಂದ 18,500 ಬರೆದು, 1,550.85 ರಿಯಾಯಿತಿ ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕಿದರೆ ಬಿಲ್ ಚೊಕ್ಕವಾಗುತ್ತದೆ.

ಲಾಭದ ಲೆಕ್ಕದಲ್ಲಿ ಮಾತ್ರ ಮನಸ್ಸು ಉಲ್ಟಾ ಮೋಸ ಮಾಡುತ್ತದೆ. ಇದೇ ಬೀರುವನ್ನು ಅವರು 15,000ಕ್ಕೆ 2,700 ತೆರಿಗೆ ಸೇರಿಸಿ 17,700ಕ್ಕೆ ತಂದಿದ್ದರೆನ್ನಿ. 17,700 ಕೊಟ್ಟು 20,000 ಪಡೆದರೆ 2,300 ಉಳಿಯಿತಲ್ಲ ಅನ್ನಿಸುವುದು ಸಹಜ. ಆದರೆ ಗಿರಾಕಿಯಿಂದ ಬಂದ 3,050.85ರ ತೆರಿಗೆಯಲ್ಲಿ ತಾವು ಮೊದಲೇ ಕಟ್ಟಿದ 2,700 ಕಳೆದು, 350.85ನ್ನು ಸರ್ಕಾರಕ್ಕೆ ತುಂಬಬೇಕು. ನಿಜವಾಗಿ ಉಳಿಯುವುದು 1,949.15, ಅಂದರೆ ತೆರಿಗೆ ಬಿಟ್ಟ ಎರಡು ಬೆಲೆಗಳ ವ್ಯತ್ಯಾಸ. ‘ಎಲ್ಲಾ ಸೇರಿ’ ಬೆಲೆಗೆ ಹ್ಞೂಂ ಅನ್ನುವ ಮೊದಲು ಅದನ್ನು 1.18ರಿಂದ ಭಾಗಿಸಿ, ಬಂದದ್ದನ್ನು ತೆರಿಗೆ ಬಿಟ್ಟ ಅಸಲಿನ ಜೊತೆ ಹೋಲಿಸಿದರೆ ಸಾಕು. ಗಿರಾಕಿ ಎದುರಿಗಿರುವಾಗಲೇ ಮುಗಿಯುವ ಲೆಕ್ಕ.

ಬೀರುವಿಗೆ ಒಂದೇ ದರ, ಹಾಗಾಗಿ ದಾರಿ ಸಲೀಸು. ಸಿದ್ಧ ಉಡುಪಿನ ಅಂಗಡಿಗೆ ಬಂದರೆ ಇದೇ ಲೆಕ್ಕ ಒಂದು ವಿಚಿತ್ರ ಗುಂಡಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ, ಒಂದು ಉಡುಪಿನ ಮಾರಾಟ ಬೆಲೆ 2,500 ರೂಪಾಯಿ ಮೀರದಿದ್ದರೆ ಶೇ 5, ಮೀರಿದರೆ ಶೇ 18 ತೆರಿಗೆ. ಈ 2,500 ಎಂಬುದು ತೆರಿಗೆ ಸೇರಿಸುವ ಮೊದಲಿನ ಬೆಲೆ. ಕುರ್ತಾ ಒಂದನ್ನು ಹಿಡಿದ ಗಿರಾಕಿ “ಎಲ್ಲಾ ಸೇರಿ 2,800” ಎಂದರೆ ಯಾವ ದರದಿಂದ ಹಿಂದಕ್ಕೆ ಬರಬೇಕು?

ಶೇ 5 ಎಂದುಕೊಂಡು 1.05ರಿಂದ ಭಾಗಿಸಿದರೆ ಬೆಲೆ 2,666.67. ಅದು 2,500 ಮೀರಿತು, ಶೇ 5 ಸಲ್ಲದು. ಸರಿ, ಶೇ 18 ಎಂದು 1.18ರಿಂದ ಭಾಗಿಸಿದರೆ 2,372.88. ಅದು 2,500 ಮೀರಲೇ ಇಲ್ಲ, ಶೇ 18 ಹಾಕುವಂತಿಲ್ಲ. ಎರಡೂ ಬಾಗಿಲು ಮುಚ್ಚಿವೆ. 2,500ಕ್ಕೆ ಶೇ 5 ಸೇರಿದರೆ 2,625. ಶೇ 18 ಸೇರಿದರೆ 2,950. ಒಂದು ಉಡುಪಿಗೆ 2,625 ದಾಟಿದ, ಆದರೆ 2,950 ದಾಟದ ಯಾವುದೇ ‘ಎಲ್ಲಾ ಸೇರಿ’ ಮೊತ್ತಕ್ಕೂ ಹೊಂದುವ ಬಿಲ್ ಇಲ್ಲ. ಯಂತ್ರಕ್ಕೆ ಇದು ತಾನಾಗಿ ತಿಳಿಯದು. ಅದರಲ್ಲಿ ಶೇ 18 ಎಂದು ಮೊದಲೇ ತುಂಬಿಟ್ಟಿದ್ದರೆ 2,372.88 ಎಂದು ಮುದ್ರಿಸಿ ಕೊಟ್ಟುಬಿಡುತ್ತದೆ.

ಗಿರಾಕಿ 2,800 ಕೊಡಲು ಸಿದ್ಧರಿದ್ದರೂ ವ್ಯಾಪಾರಿ 2,625ಕ್ಕೆ ಇಳಿಯುವುದೇ ಇಲ್ಲಿ ಜಾಣತನ. ಆಗ ತೆರಿಗೆ 125 ಹೋಗಿ ಅವರಿಗೆ ಪೂರ್ತಿ 2,500 ಸಿಗುತ್ತದೆ. ಶೇ 18ರ ಲೆಕ್ಕದಲ್ಲಿ 2,800 ಪಡೆದಿದ್ದರೆ ಸಿಗುತ್ತಿದ್ದುದಕ್ಕಿಂತ ಇದು 127 ರೂಪಾಯಿ ಹೆಚ್ಚು, ಗಿರಾಕಿಗೂ 175 ರೂಪಾಯಿ ಉಳಿತಾಯ. ಉಡುಪಿನ ಅಂಗಡಿಯವರು ಈ ಎರಡು ಸಂಖ್ಯೆಗಳನ್ನು, 2,625 ಮತ್ತು 2,950, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಲಿ. ಕೊಳ್ಳುವವರು ಬಿಲ್ ಕೈಗೆ ಬಂದಾಗ ತೆರಿಗೆಪೂರ್ವ ಬೆಲೆಯ ಸಾಲನ್ನೊಮ್ಮೆ ನೋಡಲಿ. ಅದು 2,500ರೊಳಗಿದ್ದೂ ಶೇ 18 ಬಿದ್ದಿದ್ದರೆ ಅಲ್ಲೇ ನಿಂತು ಕೇಳಬೇಕು.