ಬಡ್ತಿಯ ಸುದ್ದಿ ಹೇಳುವ ಬಗೆ

ಸರಿಸಮನಾಗಿ ದುಡಿಯುತ್ತಿದ್ದ ತಂಡದಲ್ಲಿ ಒಬ್ಬರಿಗೆ ಬಡ್ತಿ ಸಿಕ್ಕಿದೆ ಎಂಬ ಸುತ್ತೋಲೆಯನ್ನು ಉಳಿದವರು ಓದುವುದು, ಅದರಲ್ಲಿ ತಮ್ಮ ಬಗ್ಗೆ ಏನು ಹೇಳಿದೆ ಎಂದು ಹುಡುಕಿಕೊಂಡೇ. ಸರ್ಕಾರಿ ಕಚೇರಿಗಳಲ್ಲಿ ಜ್ಯೇಷ್ಠತಾ ಪಟ್ಟಿ ಇರುವುದರಿಂದ ಮುಂದಿನ ಸರದಿ ಯಾರದ್ದೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಸಣ್ಣಪುಟ್ಟ ಖಾಸಗಿ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಅಂಥ ಪಟ್ಟಿ ಇರುವುದಿಲ್ಲ. ಹಾಗಾಗಿ ಕಾರಣವನ್ನು ಮಾಲೀಕರೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳದೆ ಬಿಟ್ಟರೆ ಚಹಾದ ಹೊತ್ತಿನಲ್ಲಿ ಇನ್ಯಾರೋ ಒಂದು ಕಾರಣ ಹುಟ್ಟಿಸುತ್ತಾರೆ.

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಸಿಎನ್‌ಸಿ ವಿಭಾಗದಲ್ಲಿ 9 ಮಂದಿ ಇದ್ದಾರೆ. ಎರಡನೇ ಪಾಳಿಯ ಸೂಪರ್‌ವೈಸರ್ ಕೆಲಸ ಖಾಲಿಯಾಗಿ, ಅದು 7 ವರ್ಷ ಸೇವೆಯ ಆಪರೇಟರ್ ಒಬ್ಬರಿಗೆ ಸಿಗುತ್ತದೆ. 14 ಮತ್ತು 11 ವರ್ಷ ಸೇವೆ ಮಾಡಿದ ಇಬ್ಬರು ಅದೇ ವಿಭಾಗದಲ್ಲಿದ್ದಾರೆ.

ಮೊದಲು ಆಯ್ಕೆಯಾದವರ ಒಪ್ಪಿಗೆ ಪಡೆಯಬೇಕು. ಪಾಳಿಯ ಹೊತ್ತು ಮನೆಯ ಪರಿಸ್ಥಿತಿಗೆ ಹೊಂದದೆ ಅವರು ಒಲ್ಲೆ ಎನ್ನುವುದೂ ಉಂಟು. ಆಮೇಲೆ ಆ ಹುದ್ದೆಯ ಮೇಲೆ ಕಣ್ಣಿಟ್ಟಿದ್ದ ಇಬ್ಬರು ಹಿರಿಯರನ್ನು ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡಬೇಕು. ತಂಡಕ್ಕೆ ತಿಳಿಸುವುದು ಆಮೇಲೆ, ನೋಟಿಸ್ ಬೋರ್ಡಿಗೆ ಹಚ್ಚುವುದು ಕೊನೆಗೆ. ಇಷ್ಟೂ ಒಂದೇ ದಿನದಲ್ಲಿ ಮುಗಿಯಬೇಕು. ರಾತ್ರಿ ಕಳೆದರೆ ಸುದ್ದಿ ಫೋನಿನಲ್ಲಿ ಓಡಾಡಿರುತ್ತದೆ. ಹಿರಿಯರು ತಮ್ಮ ಸಂಗತಿಯನ್ನು ಬೋರ್ಡಿನ ಮುಂದೆ ನಿಂತು, ಹತ್ತು ಜನರ ನಡುವೆ ಓದಿ ತಿಳಿಯುವಂತಾದರೆ ಆ ಅವಮಾನವನ್ನು ಆಮೇಲಿನ ಯಾವ ಸಮಾಧಾನವೂ ಅಳಿಸದು.

ಎದುರು ಕೂತು ಹೇಳುವುದಕ್ಕೂ ಮಿತಿಯಿದೆ. 2000ದ ನವೆಂಬರಿನಲ್ಲಿ ಜನರಲ್ ಎಲೆಕ್ಟ್ರಿಕ್ ಮುಖ್ಯಸ್ಥ ಜಾಕ್ ವೆಲ್ಚ್ ತಮ್ಮ ಉತ್ತರಾಧಿಕಾರಿಯಾಗಿ ಜೆಫ್ ಇಮ್ಮೆಲ್ಟ್ ಆಯ್ಕೆಯಾದದ್ದನ್ನು ಪ್ರಕಟಿಸುವ ಮುನ್ನ, ಸ್ಪರ್ಧೆಯಲ್ಲಿದ್ದ ಇನ್ನಿಬ್ಬರನ್ನು ವಿಮಾನದಲ್ಲಿ ಹೋಗಿ ಖುದ್ದು ಕಂಡು ತಿಳಿಸಿದ್ದರು. ಆದರೂ ಕೆಲವೇ ದಿನಗಳಲ್ಲಿ ಅವರಲ್ಲಿ ಬಾಬ್ ನಾರ್ಡೆಲ್ಲಿ ಹೋಮ್ ಡಿಪೊಗೂ ಜಿಮ್ ಮೆಕ್‌ನೆರ್ನಿ 3ಎಂ ಕಂಪನಿಗೂ ಮುಖ್ಯಸ್ಥರಾಗಿ ಹೊರಟರು. ಮರ್ಯಾದೆಯಿಂದ ಹೇಳಿದ ಮಾತ್ರಕ್ಕೆ ಜನ ಉಳಿಯುತ್ತಾರೆಂದಲ್ಲ.

ಇನ್ನು ಕಾರಣ ಬರೆಯುವ ಬಗೆ. "ಎಲ್ಲರಿಗಿಂತ ಶ್ರಮಜೀವಿ", "ಅತ್ಯಂತ ಸಮರ್ಥರು" ಎಂಬ ಮಾತುಗಳು ಹೊಗಳಿಕೆಯಂತೆ ಕಂಡರೂ ಪಕ್ಕದಲ್ಲಿರುವ ಎಂಟು ಮಂದಿಯನ್ನು ಅಳೆದು ಕೆಳಗಿಡುತ್ತವೆ. ಕಾರಣವನ್ನು ವ್ಯಕ್ತಿಯ ಗುಣಕ್ಕೆ ಕಟ್ಟದೆ ಹುದ್ದೆಯ ಅಗತ್ಯಕ್ಕೆ ಕಟ್ಟಿದರೆ ಈ ತೊಡಕಿಲ್ಲ: "ಎರಡನೇ ಪಾಳಿಯ ಕೆಲಸದ ಹಂಚಿಕೆಯನ್ನು 8 ತಿಂಗಳಿಂದ ಇವರು ನೋಡಿಕೊಳ್ಳುತ್ತಿದ್ದಾರೆ. ಗ್ರಾಹಕರ ತಪಾಸಣೆಗೆ ಬೇಕಾದ ದಾಖಲೆಗಳನ್ನೂ ಸಿದ್ಧಪಡಿಸುತ್ತಿದ್ದಾರೆ. ಸೂಪರ್‌ವೈಸರ್ ಕೆಲಸದಲ್ಲಿ ಹೆಚ್ಚು ಪಾಲು ಇವೆರಡೇ." ಎರಡೂ ತಂಡದ ಕಣ್ಣೆದುರು ನಡೆದಿರುವುದರಿಂದ ಅಲ್ಲಗಳೆಯುವವರು ಕಡಿಮೆ. ಇಡೀ ವಿಭಾಗ ಓವರ್‌ಟೈಮ್ ಮಾಡಿ ಮುಗಿಸಿದ ಆರ್ಡರನ್ನು ಒಬ್ಬರ ಸಾಧನೆಯೆಂದು ಬರೆಯುವುದು ಮಾತ್ರ ದೊಡ್ಡ ತಪ್ಪು. "ಉಳಿದವರೂ ಉತ್ತಮ ಕೆಲಸಗಾರರೇ" ಎಂದು ಕೊನೆಗೆ ಅಂಟಿಸುವ ಸಾಲೂ ಬೇಡ. ಅದು ಸಂತೈಸಲು ಬರೆದದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ.

ಹೊಸ ಹೊಣೆಗಳನ್ನು ಹೆಸರಿಸುವಾಗ "ವಿಭಾಗದ ಉಸ್ತುವಾರಿ" ಎಂದಷ್ಟೇ ಬರೆದರೆ ಜಗಳಕ್ಕೆ ದಾರಿ. ರಜೆ ಅರ್ಜಿಗೆ ಸಹಿ ಯಾರದ್ದು, ಯಾವ ಮೆಷಿನ್ನಿಗೆ ಯಾರೆಂದು ನಿರ್ಧರಿಸುವವರಾರು, ಯಾವ ದಿನಾಂಕದಿಂದ ಎಂಬುದು ಬೇಕು. ಬದಲಾಗದಿರುವುದನ್ನೂ ಬರೆಯಬೇಕು. 14 ವರ್ಷದ ಹಿರಿಯರು ಸೆಟ್ಟಿಂಗ್‌ನಲ್ಲಿ ಪಳಗಿದವರಾಗಿದ್ದರೆ, "ಹೊಸ ಜಾಬ್‌ಗಳ ಸೆಟ್ಟಿಂಗ್ ಬಗ್ಗೆ ಈಗಿನಂತೆ ಇವರ ತೀರ್ಮಾನವೇ ಅಂತಿಮ" ಎಂಬ ಒಂದು ಸಾಲು ಅವರ ಜಾಗವನ್ನು ಉಳಿಸುತ್ತದೆ. ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಮನಸ್ಸು ತಣಿಸಲು ಹೊಸ ಅಧಿಕಾರ ಹಂಚಿದರೆ ಪಾಳಿಗೆ ಇಬ್ಬರು ಯಜಮಾನರಾಗುತ್ತಾರೆ.

ಹೆಚ್ಚಿನ ಸುತ್ತೋಲೆಗಳಲ್ಲಿ ಬಿಟ್ಟುಹೋಗುವ ಒಂದು ಸಂಗತಿಯಿದೆ: ಬಡ್ತಿ ಪಡೆದವರ ಹಳೆಯ ಮೆಷಿನ್ ಇನ್ನು ಯಾರದ್ದು? ಹೇಳದಿದ್ದರೆ ಆ ಕೆಲಸ ಪಕ್ಕದವರ ಮೇಲೆ ಸದ್ದಿಲ್ಲದೆ ಬೀಳುತ್ತದೆ. ಪದವಿ ಒಬ್ಬರಿಗೆ, ಹೊರೆ ತಮಗೆ ಎಂಬ ಸಿಟ್ಟು ಹುಟ್ಟುವುದು ಇಲ್ಲಿಂದಲೇ. ಹೊಸಬರು ಬರುವ ತನಕ ಯಾರು, ಎಷ್ಟು ವಾರ ಎಂದು ಬರೆದರೆ ಸಾಕು.

ಪ್ರಕಟಣೆ ಎಡವಿದ್ದರೆ ಕೆಲವು ವಾರಗಳಲ್ಲಿ ತಿಳಿಯುತ್ತದೆ. ರಜೆ ಅರ್ಜಿಗಳು ಹೊಸ ಸೂಪರ್‌ವೈಸರನ್ನು ದಾಟಿ ನೇರ ಮ್ಯಾನೇಜರ್ ಮೇಜಿಗೆ ಬರುತ್ತವೆ. ಕೆಟ್ಟ ಜಾಬ್ ಬಗ್ಗೆ ವಿಚಾರಿಸಿದರೆ ಹಿರಿಯರು "ನಮಗೇನು ಗೊತ್ತು, ಅವರನ್ನೇ ಕೇಳಿ" ಎನ್ನುತ್ತಾರೆ. ಆಗ ಇನ್ನೊಂದು ಸುತ್ತೋಲೆಯಿಂದ ಪ್ರಯೋಜನವಿಲ್ಲ. ಮ್ಯಾನೇಜರ್ ತಮ್ಮ ಮೇಜಿಗೆ ಬಂದ ಅರ್ಜಿಯನ್ನು ಸಹಿ ಹಾಕದೆ ಸೂಪರ್‌ವೈಸರ್ ಬಳಿಗೆ ಕಳಿಸಿ, ಹಿರಿಯರೊಂದಿಗೆ ಮೊದಲ ದಿನವೇ ಆಡಬೇಕಿದ್ದ ಮಾತನ್ನು ತಡವಾಗಿಯಾದರೂ ಆಡಬೇಕಾಗುತ್ತದೆ.