ಸಿಗಡಿ ತಿಂದು ತುಟಿ ಊದಿದರೆ ಗಮನ ಉಸಿರಿನ ಮೇಲಿರಲಿ

ಸಿಗಡಿ ಸುಕ್ಕದ ನಾಲ್ಕು ತುತ್ತು ತಿಂದು ಐದು ನಿಮಿಷವಾಗಿರುತ್ತದೆ, ಅಷ್ಟರಲ್ಲಿ ತುಟಿ ಜುಮುಜುಮು ಎನ್ನತೊಡಗುತ್ತದೆ. ಖಾರ ಹೆಚ್ಚಾಯಿತೇನೋ ಎಂದು ನೀರು ಕುಡಿಯುವಷ್ಟರಲ್ಲಿ ತುಟಿ ದಪ್ಪವಾಗಿ, ಕುತ್ತಿಗೆ ತುರಿಸಿ, ಮೈಮೇಲೆ ಕೆಂಪು ದದ್ದುಗಳು ಏಳುತ್ತವೆ. ಖಾರಕ್ಕೆ ಬಾಯಿ ಉರಿಯುತ್ತದೆಯೇ ಹೊರತು ಮೈಮೇಲೆ ದದ್ದು ಏಳುವುದಿಲ್ಲ. ಇದು ಅಲರ್ಜಿ.

ಸಿಗಡಿಯ ಮಾಂಸದಲ್ಲಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದೆ. ಕೆಲವರ ದೇಹ ಅದನ್ನು ಶತ್ರುವೆಂದು ತಿಳಿದು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಊತ, ತುರಿಕೆ ಬರುವುದು ಅವುಗಳಿಂದ. ಎಷ್ಟು ಬೇಯಿಸಿದರೂ ಈ ಪ್ರೋಟೀನ್ ಹಾಳಾಗುವುದಿಲ್ಲ. ಏಡಿಯಲ್ಲೂ ಇಂಥದೇ ಪ್ರೋಟೀನ್ ಇರುವುದರಿಂದ ಅದೂ ಆಗದಿರಬಹುದು. ವರ್ಷಗಟ್ಟಲೆ ತಿಂದು ಅರಗಿಸಿಕೊಂಡವರಿಗೂ ದೊಡ್ಡವರಾದ ಮೇಲೆ ಈ ಅಲರ್ಜಿ ಶುರುವಾಗುವುದುಂಟು.

ತುಟಿ ಎಷ್ಟು ಊದಿದೆ ಎಂಬುದರಿಂದ ಅಪಾಯವನ್ನು ಅಳೆಯಬಾರದು. ತುಟಿ, ಚರ್ಮಕ್ಕಷ್ಟೇ ನಿಂತರೆ ಅದು ಸೌಮ್ಯ ಅಲರ್ಜಿ. ತಿನ್ನುವುದನ್ನು ನಿಲ್ಲಿಸಿ, ಬಾಯಲ್ಲಿದ್ದುದನ್ನು ಉಗುಳಿ ಬಾಯಿ ಮುಕ್ಕಳಿಸಬೇಕು. ವಯಸ್ಕರು ವೈದ್ಯರು ಬೇಡವೆಂದಿರದಿದ್ದರೆ 10 ಮಿಲಿಗ್ರಾಂ ಸೆಟಿರಿಜಿನ್ ಮಾತ್ರೆ ನುಂಗಬಹುದು. ಮುಂದಿನ ಕೆಲವು ಗಂಟೆ ಒಬ್ಬರೇ ಇರಬಾರದು, ಏಕೆಂದರೆ ಸೌಮ್ಯವಾಗಿ ಶುರುವಾದದ್ದು ಅಲ್ಲಿಗೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ.

ದನಿ ಒಡೆದರೆ, ಗಂಟಲು ಬಿಗಿದರೆ, ನಾಲಿಗೆ ಊದಿದರೆ, ಉಸಿರಿನಲ್ಲಿ ಸುಂಯ್‌ಗುಟ್ಟುವ ಸದ್ದು ಬಂದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಅದು ಅನಾಫಿಲಾಕ್ಸಿಸ್, ಜೀವಕ್ಕೆ ಅಪಾಯ. ದದ್ದಿನ ಜೊತೆಗೆ ಮತ್ತೆ ಮತ್ತೆ ವಾಂತಿಯಾದರೂ ಹಾಗೆಯೇ ಎಣಿಸಬೇಕು. ಆಗ ಮಾತ್ರೆಯನ್ನು ನಂಬಿ ಕೂರಬಾರದು. ಅದು ತುರಿಕೆ ಇಳಿಸೀತು, ಮುಚ್ಚುತ್ತಿರುವ ಗಂಟಲನ್ನು ತೆರೆಯದು, ಕುಸಿದ ರಕ್ತದೊತ್ತಡವನ್ನು ಎತ್ತದು. ಆ ಕೆಲಸ ಅಡ್ರಿನಲಿನ್ ಚುಚ್ಚುಮದ್ದಿನದು. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ. ಗುಣ ಕಾಣದಿದ್ದರೆ ಐದು ನಿಮಿಷದ ನಂತರ ಇನ್ನೊಂದು. ವೈದ್ಯರು ಮೊದಲೇ ಪೆನ್ನಿನಂಥ ಚುಚ್ಚುಮದ್ದು ಕೊಟ್ಟಿದ್ದರೆ ತಡಮಾಡದೆ ಹಾಕಿಕೊಳ್ಳಬೇಕು. ಅದು ಇರಲಿ, ಇಲ್ಲದಿರಲಿ, 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು.

ಆಂಬ್ಯುಲೆನ್ಸ್ ಬರುವವರೆಗೆ ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು. ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಬೇಕು. ಮುಖ ತೊಳೆಯಲೆಂದೋ ವಾಂತಿ ಮಾಡಲೆಂದೋ ಎಬ್ಬಿಸಿ ನಡೆಸುವುದು ದೊಡ್ಡ ತಪ್ಪು. ರಕ್ತದೊತ್ತಡ ಕುಸಿದಿರುವಾಗ ಥಟ್ಟನೆ ಎದ್ದುನಿಂತರೆ ಹೃದಯ ನಿಂತೇಹೋಗಬಹುದು.

ಚುಚ್ಚುಮದ್ದಿನಿಂದ ಆರಾಮವೆನಿಸಿದರೂ ಕೂಡಲೇ ಮನೆಗೆ ಹೊರಡಬಾರದು. ಕೆಲವು ಗಂಟೆಗಳ ಬಳಿಕ ಅದೇ ಲಕ್ಷಣಗಳು ಮರುಕಳಿಸುವುದುಂಟು. ಆಮೇಲೆ ಅಲರ್ಜಿ ತಜ್ಞರನ್ನು ಕಾಣಬೇಕು. ಅಲ್ಲಿಯವರೆಗೆ ‘ಸ್ವಲ್ಪ ತಿಂದು ನೋಡೋಣ’ ಎಂಬ ಪರೀಕ್ಷೆ ಮನೆಯಲ್ಲಿ ಬೇಡ. ಮೊದಲ ಸಲ ತುಟಿಗಷ್ಟೇ ನಿಂತದ್ದು ಮುಂದಿನ ಸಲ ಗಂಟಲಿಗೆ ಇಳಿಯಬಹುದು.